ಬೆಳಗಿನ ಎಣ್ಣೆ ನೀರು, ರಾತ್ರಿಯ ನಿದ್ದೆ: 7 ತಿಂಗಳ ಮಗುವಿನ ಒಂದು ಪ್ರಕರಣ

"ದಿನಾ ರಾತ್ರಿ ಬಿಸಿ ನೀರು ಹಾಕಿ, ಎಣ್ಣೆ ಹಚ್ಚಿ, ಹಾಡು ಹೇಳ್ತೀನಿ ಸಿಸ್ಟರ್. ಆದ್ರೂ ಹನ್ನೊಂದರ ತನಕ ಮಲಗಲ್ಲ. ಮಲಗಿದ ಮೇಲೂ ನಾಲ್ಕು ಸಲ ಏಳ್ತಾಳೆ." ತುಮಕೂರಿನ ಒಬ್ಬ ತಾಯಿ ಹೀಗೆ ಹೇಳುವಾಗ ಮಗು ಅವರ ಮಡಿಲಲ್ಲಿ ಕೂತು ನನ್ನ ಪೆನ್ನಿಗೆ ಕೈ ಚಾಚುತ್ತಿತ್ತು. ಹೆಣ್ಣು ಮಗು, 7 ತಿಂಗಳು, ತೂಕ 7.4 ಕಿಲೋ. ವೈದ್ಯರು ನೋಡಿದ್ದರು. ಕಿವಿ ಸರಿಯಿದೆ, ಉಸಿರು ಸರಿಯಿದೆ, ತೂಕ ಏರುತ್ತಿದೆ. ಕಾಯಿಲೆ ಏನೂ ಇಲ್ಲ. ಹಾಗಾಗಿ ನನ್ನ ಬಳಿಗೆ ಕಳಿಸಿದ್ದರು.

ನಾನು ಮಕ್ಕಳ ಕ್ಲಿನಿಕ್ಕಿನಲ್ಲಿ ನರ್ಸ್. ಇಂಥ ಮಾತು ವಾರಕ್ಕೆ ಎರಡು ಮೂರು ಸಲವಾದರೂ ಕೇಳುತ್ತೇನೆ. ಈ ಮನೆಯದನ್ನೇ ಬರೆಯಲು ಕಾರಣವಿದೆ. ಆ ತಾಯಿ ಮಾಡುತ್ತಿದ್ದ ಒಂದೊಂದು ಹೆಜ್ಜೆಯೂ ಒಳ್ಳೆಯದೇ ಆಗಿತ್ತು. ತಪ್ಪಿದ್ದು ಶುರು ಮಾಡುವ ಹೊತ್ತು, ಕ್ರಮ ಮತ್ತು ಉದ್ದ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.

ಮೊದಲು 5 ದಿನ ಏನನ್ನೂ ಬದಲಿಸಬೇಡಿ, ಸುಮ್ನೆ ಬರೆದಿಡಿ ಎಂದೆ. ಎದ್ದದ್ದು, ಮಲಗಿದ್ದು, ಹಾಲು ಕುಡಿದದ್ದು, ನೀರು ಹಾಕಿದ್ದು. ಜೊತೆಗೆ ಇನ್ನೊಂದು ಕೇಳಿದೆ: ಸಂಜೆಯ ಮೇಲೆ ಮಗು ಮೊದಲ ಸಲ ಕಣ್ಣುಜ್ಜಿದ್ದು, ಕಿವಿ ಎಳೆದುಕೊಂಡದ್ದು ಎಷ್ಟು ಹೊತ್ತಿಗೆ? ಅವರು ಮನೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದು ತಂದರು.

ಬೆಳಿಗ್ಗೆ ಏಳುವುದು 7:30ರಿಂದ 9ರ ಒಳಗೆ ಯಾವಾಗಲೋ. 11ಕ್ಕೆ ಅಜ್ಜಿ ಎಣ್ಣೆ ಹಚ್ಚಿ ಎರೆಯುತ್ತಿದ್ದರು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಬಿಸಿ ಬಿಸಿ ನೀರು. ಆಮೇಲೆ ಸಾಂಬ್ರಾಣಿ ಹೊಗೆ. 11:45ಕ್ಕೆ ಮಲಗಿದರೆ 2:15ರ ತನಕ ಅಲುಗಾಟವಿಲ್ಲ. ಸಂಜೆ ಇನ್ನೊಂದು ನಿದ್ದೆ, 5ರಿಂದ 6:45. ರಾತ್ರಿ 9:15ರ ಸುಮಾರಿಗೆ ಕಣ್ಣುಜ್ಜುವುದು. ಅದನ್ನು ನೋಡಿ ತಾಯಿ ನೀರು ಕಾಯಿಸಲು ಏಳುತ್ತಿದ್ದರು. 9:30ಕ್ಕೆ ಸ್ನಾನ, 20 ನಿಮಿಷ. ಆಮೇಲೆ 15 ನಿಮಿಷ ಕೊಬ್ಬರಿ ಎಣ್ಣೆ ತಿಕ್ಕುವುದು. ಅರ್ಧಕ್ಕೇ ಅಳು ಶುರು. ಬಟ್ಟೆ ಹಾಕುವಾಗ ಕಿರುಚಾಟ. ಸಮಾಧಾನ ಮಾಡಲು ಅಪ್ಪ ಎತ್ತಿಕೊಂಡು ಟಿವಿ ಇರುವ ಹಾಲಿಗೆ ಹೋಗುತ್ತಿದ್ದರು. 10:30ಕ್ಕೆ ಎದೆಹಾಲು, ಹಾಲು ಕುಡಿಯುತ್ತಲೇ ಜೋಂಪು, ಸೀರೆ ಜೋಲಿಯಲ್ಲಿ ಹಾಕಿ ತೂಗಿ, 11ಕ್ಕೆ ನಿದ್ದೆ.

ಒಟ್ಟು ನಿದ್ದೆ ಕೂಡಿದೆವು. ಹಗಲು 4 ಗಂಟೆ 15 ನಿಮಿಷ. ರಾತ್ರಿ ಎಚ್ಚರವಿದ್ದದ್ದನ್ನು ಕಳೆದು ಸುಮಾರು 8 ಗಂಟೆ 30 ನಿಮಿಷ. ಎರಡೂ ಸೇರಿ 12 ಮುಕ್ಕಾಲು ಗಂಟೆ. 4ರಿಂದ 12 ತಿಂಗಳ ಮಕ್ಕಳಿಗೆ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೇಳುತ್ತದೆ. ಹಗಲಿನ ನಿದ್ದೆಯೂ ಅದರಲ್ಲೇ ಸೇರಿದೆ. ಅಂದರೆ ಮಗುವಿಗೆ ನಿದ್ದೆ ತೀರಾ ಸಾಲದೇ ಇರಲಿಲ್ಲ. ಅದು ಹಂಚಿಕೆಯಾದ ರೀತಿ ಸರಿಯಿರಲಿಲ್ಲ.

ಆ ಹಾಳೆಯಲ್ಲಿ ನನ್ನ ಕಣ್ಣು ನಿಂತದ್ದು 9:15ರ ಮೇಲೆ. ಮಗು ಕಣ್ಣುಜ್ಜಿದಾಗ ತಾಯಿ ಶುರು ಮಾಡುತ್ತಿದ್ದರು. ಆದರೆ ಕಣ್ಣುಜ್ಜುವ ಹೊತ್ತಿಗೆ ಎಲ್ಲವೂ ಮುಗಿದು ಮಗು ಹಾಸಿಗೆಯ ಹತ್ತಿರ ಇರಬೇಕಿತ್ತು. ನಿದ್ದೆ ಬಂದು ನಿಂತಿರುವ ಮಗುವಿಗೆ 20 ನಿಮಿಷ ನೀರು, 15 ನಿಮಿಷ ಎಣ್ಣೆ ಅಂದರೆ ಅದಕ್ಕೆ ಹಿಂಸೆ. ದಣಿವು ಮೀರಿದ ಮಗು ಮಲಗುವುದಿಲ್ಲ, ರಚ್ಚೆ ಹಿಡಿಯುತ್ತದೆ. ಇಲ್ಲಿ ಸ್ನಾನ ಮುಗಿದು ನಿದ್ದೆ ಬರುವವರೆಗೆ 70 ನಿಮಿಷ ಆಗುತ್ತಿತ್ತು.

ಸ್ನಾನದ ಗುಟ್ಟು ಇರುವುದು ಆಮೇಲಿನ ತಂಪಿನಲ್ಲಿ. ಬೆಚ್ಚಗಿನ ನೀರು ತಾಗಿದಾಗ ಚರ್ಮದ ರಕ್ತನಾಳ ಹಿಗ್ಗುತ್ತವೆ, ಅದರಲ್ಲೂ ಅಂಗೈ ಅಂಗಾಲಿನಲ್ಲಿ. ಮೈ ಒಳಗಿನ ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ಒಳಗಿನ ಬಿಸಿ ಇಳಿಯತೊಡಗಿದಾಗ ನಿದ್ದೆ ಹತ್ತುವುದು ಸುಲಭ. ದೊಡ್ಡವರಿಗೆ ಮಲಗುವ 1–2 ಗಂಟೆ ಮುಂಚಿನ ಬಿಸಿ ನೀರಿನ ಸ್ನಾನದಿಂದ ಬೇಗ ನಿದ್ದೆ ಬರುತ್ತದೆ. ಆ ಲೆಕ್ಕವನ್ನು ಮಗುವಿಗೆ ಹಾಕಬಾರದು. ಮಗುವಿನ ಮೈ ಚಿಕ್ಕದು, ಬೇಗ ತಣ್ಣಗಾಗುತ್ತದೆ.

ಮಕ್ಕಳ ಬಗ್ಗೆಯೇ ಆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 405 ತಾಯಂದಿರು ಮತ್ತು ಅವರ ಪುಟ್ಟ ಮಕ್ಕಳ ಮೇಲೆ ನಡೆದದ್ದು. ಚಿಕ್ಕ ಮಕ್ಕಳಿಗೆ ಸ್ನಾನ, ಮಸಾಜ್, ಆಮೇಲೆ ಮುದ್ದು ಮಾಡುವುದು ಅಥವಾ ಹಾಡಿನಂಥ ಶಾಂತ ಕೆಲಸ. ಸ್ನಾನ ಮುಗಿದ 30 ನಿಮಿಷದೊಳಗೆ ದೀಪ ಆರಬೇಕು. ಎರಡು ವಾರ ದಿನವೂ ಹೀಗೇ ಮಾಡಿದ ಮನೆಗಳಲ್ಲಿ ಮಕ್ಕಳು ಬೇಗ ಮಲಗಿದರು, ರಾತ್ರಿ ಏಳುವುದೂ ಕಡಿಮೆಯಾಯಿತು. ಇದಕ್ಕೆ ಹಣ ಕೊಟ್ಟದ್ದು ಮಕ್ಕಳ ಸೋಪು, ಲೋಷನ್ ಮಾಡುವ ಕಂಪನಿ. ಆದ್ದರಿಂದ ಸ್ನಾನವೇ ಬೇಕು, ಲೋಷನ್ನೇ ಬೇಕು ಎಂದು ನಾನು ಯಾವ ತಾಯಿಗೂ ಹೇಳುವುದಿಲ್ಲ. ಅದರಿಂದ ನಾನು ತೆಗೆದುಕೊಳ್ಳುವುದು ಎರಡೇ: ದಿನವೂ ಅದೇ ಕ್ರಮ, ಮತ್ತು ಆ 30 ನಿಮಿಷದ ಗಡಿ.

ಇನ್ನು ಅಜ್ಜಿಯ ಮಾತು. ಎರಡನೇ ಸಲ ಅವರೂ ಬಂದಿದ್ದರು. "ಹೊತ್ತು ಮುಳುಗಿದ ಮೇಲೆ ತಲೆಗೆ ನೀರು ಹಾಕಿದ್ರೆ ಶೀತ ಆಗತ್ತಮ್ಮ. ನಾವು ಐದು ಮಕ್ಕಳಿಗೆ ಎರೆದಿದೀವಿ, ರಾತ್ರಿ ಯಾರಿಗೂ ಎರೆದಿಲ್ಲ." ಸೊಸೆ ತಲೆ ತಗ್ಗಿಸಿ ಕೂತರು. ಈ ವಿಷಯಕ್ಕೆ ಮನೆಯಲ್ಲಿ ಮಾತು ಬೆಳೆದಿತ್ತು ಅನ್ನುವುದು ಗೊತ್ತಾಗುತ್ತಿತ್ತು. ಶೀತ ಬರುವುದು ವೈರಸ್ಸಿನಿಂದ, ನೀರಿನಿಂದಲ್ಲ, ನಿಜ. ಆದರೆ ಒದ್ದೆ ತಲೆಯ ಮಗುವನ್ನು ಫ್ಯಾನಿನ ಕೆಳಗೆ ಮಲಗಿಸಿದರೆ ಅದಕ್ಕೆ ಚಳಿಯಾಗುತ್ತದೆ, ಮಲಗುವುದಿಲ್ಲ. ಆ ಮಟ್ಟಿಗೆ ಅಜ್ಜಿ ಸರಿ. ಇನ್ನೊಂದು ವಿಷಯವೂ ಅವರ ಪರ ಇತ್ತು. ಮಗುವಿನ ಮೊಣಕಾಲ ಕೆಳಗೆ ಚರ್ಮ ಒಣಗಿ ಬಿಳಿ ಬಿಳಿ ಆಗಿತ್ತು. ದಿನಕ್ಕೆ ಎರಡು ಸಲ ಸೋಪು, ಎರಡು ಸಲ ಬಿಸಿ ನೀರು ಅಂದರೆ ಮಗುವಿನ ಚರ್ಮ ಎಷ್ಟು ತಡೆಯುತ್ತದೆ?

ಬೆಳಗಿನ ಎಣ್ಣೆ ನೀರನ್ನು ರಾತ್ರಿಗೆ ತರಬೇಕು ಎಂದು ಇಂಟರ್‌ನೆಟ್ಟಿನಲ್ಲಿ ಓದಿದವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಜ್ಜಿ ಎರೆಯುವುದು ಗಟ್ಟಿ ಕೈಯ ಕೆಲಸ. ಕೈಕಾಲು ಹಿಡಿದು ಅಡ್ಡಡ್ಡ ಎಳೆಯುವುದು, ತಿಕ್ಕುವುದು, ಮಗು ಸ್ವಲ್ಪ ಅಳುವುದು, ಆಮೇಲೆ ಬಿದ್ದು ಮಲಗುವುದು. ಅದು ಹಗಲಿನ ನಿದ್ದೆಗೆ ಚೆನ್ನಾಗಿ ಹೊಂದುತ್ತದೆ. ರಾತ್ರಿಗೆ ಬೇಕಾದದ್ದು ಮೆತ್ತಗಿನದು, ಚಿಕ್ಕದು. ಹಾಗಾಗಿ ಎಣ್ಣೆ ನೀರು ಅಜ್ಜಿಯ ಹತ್ತಿರವೇ ಇರಲಿ ಎಂದೆ. ಎರಡು ಮಾತ್ರ ಬದಲಿಸಲು ಕೇಳಿಕೊಂಡೆ. ನೀರು ಮೊಣಕೈಗೆ ಬೆಚ್ಚಗೆ ತಾಗಬೇಕು, ಬಿಸಿ ಅನ್ನಿಸಬಾರದು. ಸಾಂಬ್ರಾಣಿ ದೇವರ ಮನೆಯಲ್ಲಿರಲಿ, ಮಗುವಿನ ಹತ್ತಿರ ಬೇಡ. ಹೊಗೆ ಪುಟ್ಟ ಶ್ವಾಸನಾಳಗಳನ್ನು ಕೆರಳಿಸುತ್ತದೆ, ಕೂದಲು ಒಣಗಲು ಹತ್ತಿ ಬಟ್ಟೆ ಸಾಕು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಹೊಗೆ ಬಿಡ್ತೀನಿ" ಎಂದರು.

ರಾತ್ರಿಗೆ ಏನು? ನಮ್ಮ ಮನೆಗಳಲ್ಲಿ ಸಂಜೆ ಕೈಕಾಲು ಮುಖ ತೊಳೆಯುವ ರೂಢಿ ಇದ್ದೇ ಇದೆಯಲ್ಲ, ಅದನ್ನೇ ಹಿಡಿದೆವು. ಟಬ್ಬಿನಲ್ಲಿ ಸೊಂಟದ ತನಕ ಬೆಚ್ಚಗಿನ ನೀರು, 5 ನಿಮಿಷ, ಸೋಪಿಲ್ಲ, ತಲೆಗೆ ನೀರಿಲ್ಲ.

ಲೆಕ್ಕವನ್ನು ಹಿಂದಿನಿಂದ ಹಾಕಿದೆವು. ಮೊದಲು ದೀಪ ಆರಿಸುವ ಹೊತ್ತು ಗೊತ್ತು ಮಾಡಿ, ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುವುದು. ಕಣ್ಣುಜ್ಜುವುದು 9:15ಕ್ಕೆ, ಆದ್ದರಿಂದ ದೀಪ 9:15ಕ್ಕೆ. ಮೊದಲ ಯೋಜನೆ ಹೀಗಿತ್ತು: 8:20ಕ್ಕೆ ನೀರು, ಆಮೇಲೆ ತಾಯಿಯಿಂದ 10 ನಿಮಿಷ ಮಸಾಜ್, ಬಟ್ಟೆ, ಹಾಲು, ಹಾಡು, ದೀಪ.

ಇದು ಮೂರು ರಾತ್ರಿಯೂ ಕೆಟ್ಟಿತು. ನನ್ನದೇ ತಪ್ಪು. ಮನೆಯ ಗಡಿಯಾರ ಕೇಳಿದ್ದೆ, ಮನೆಯ ಜನರ ಓಡಾಟ ಕೇಳಿರಲಿಲ್ಲ. ಅಪ್ಪ ಕೆಲಸದಿಂದ ಬರುವುದು 8:30ರ ಸುಮಾರಿಗೆ. ಮಗು ಎಣ್ಣೆ ಹಚ್ಚಿಸಿಕೊಂಡು ಮಲಗಿರುವಾಗ ಗೇಟು ಕಿರ್ ಅನ್ನುವುದು, ಬೈಕಿನ ಸದ್ದು ನಿಲ್ಲುವುದು, ಮಗು ತಟ್ಟನೆ ಬಾಗಿಲ ಕಡೆ ತಿರುಗಿ ಕೈ ಬಡಿಯುವುದು. ಇಡೀ ದಿನ ಅಪ್ಪನ ಮುಖ ನೋಡಿರದ ಮಗು, ಅದಕ್ಕಿಂತ ನಿದ್ದೆ ಹೆಚ್ಚಾ? ಅಪ್ಪ ಎತ್ತಿ ಆಡಿಸದೇ ಇರಲಾರರು. ಅಷ್ಟೂ ಕೆಲಸ ನೀರಿನಲ್ಲಿ ಮಾಡಿದ ಹೋಮ.

ಇನ್ನೊಂದು ತೊಡಕು ತಾಯಿಯ ಬರಹದಲ್ಲೇ ಇತ್ತು: "ಎಣ್ಣೆ ಮುಟ್ಟಿದ ಕೂಡಲೇ ಅಳು." ಹಸಿವು. ಹಿಂದಿನ ಹಾಲು 5:45ಕ್ಕೆ ಆಗಿತ್ತು. ಹಾಲನ್ನು ಮಸಾಜಿಗೆ ಮುಂಚೆ ತರೋಣ ಎಂದರು ತಾಯಿ. ಅದು ಬೇಡ ಎಂದೆ. ಹೊಟ್ಟೆ ತುಂಬಿದ ಕೂಡಲೇ ಮಗುವನ್ನು ಮಗುಚಿ ತಿಕ್ಕಿದರೆ ಕಕ್ಕುತ್ತದೆ. ಅದರ ಬದಲು 7:15ಕ್ಕೆ ನಾಲ್ಕೈದು ಚಮಚ ರಾಗಿ ಸರಿ ತಿನ್ನಿಸುವುದು, ಮಸಾಜನ್ನು 10ರಿಂದ 6 ನಿಮಿಷಕ್ಕೆ ಇಳಿಸುವುದು ಎಂದಾಯಿತು. ಹೊಟ್ಟೆಯನ್ನು ಮುಟ್ಟುವುದೇ ಬೇಡ, ಕಾಲು ಮತ್ತು ಬೆನ್ನು ಸಾಕು.

ಅಪ್ಪನನ್ನು ತಡೆಯುವ ಬದಲು ಒಳಗೇ ಸೇರಿಸಿಕೊಂಡೆವು. ಮಸಾಜ್ ಅವರದು. ಬಂದು, ಬಟ್ಟೆ ಬದಲಿಸಿ, ಕೈ ತೊಳೆದು, ಟಬ್ಬಿನ ಹತ್ತಿರ ಕೂರುವುದು. 8:40ರೊಳಗೆ ಬರದಿದ್ದರೆ ಕಾಯಬಾರದು, ಅವತ್ತು ಅಜ್ಜಿ ಮಾಡುತ್ತಾರೆ. ಮೊದಲ ದಿನ ಅವರು ಪಾದ ಹಿಡಿದ ಕೂಡಲೇ ಮಗು ಐದೂ ಬೆರಳು ಮಡಚಿಕೊಂಡು ಕಾಲು ಎಳೆದುಕೊಂಡಿತಂತೆ. ಬೈಕಿನಲ್ಲಿ ಬಂದ ಕೈ, ತಣ್ಣಗಿತ್ತು. ಎರಡನೇ ದಿನದಿಂದ ಕೈಯನ್ನು ಅದೇ ಟಬ್ಬಿನ ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಒರೆಸಿಕೊಂಡು, ಅಂಗೈಯಲ್ಲಿ ಅರ್ಧ ಚಮಚ ಕೊಬ್ಬರಿ ಎಣ್ಣೆ ಉಜ್ಜಿಕೊಂಡು ಶುರು ಮಾಡಿದರು. ಕಾಲು ಎಳೆದುಕೊಳ್ಳುವುದು ನಿಂತಿತು.

ಕೈ ಹೇಗಿರಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆರಳ ತುದಿಯಲ್ಲಿ ಸವರಿದರೆ ಮಗುವಿಗೆ ಕಚಗುಳಿಯಾಗುತ್ತದೆ, ಎಚ್ಚರವಾಗುತ್ತದೆ. ಇಡೀ ಅಂಗೈ ತಾಗಬೇಕು, ತೂಕ ಸ್ವಲ್ಪ ಬೀಳಬೇಕು. ತೊಡೆಯಿಂದ ಪಾದದ ಕಡೆಗೆ ನಿಧಾನವಾಗಿ, ಒಂದು ಕೈ ಬಿಡುವ ಮೊದಲು ಇನ್ನೊಂದು ಕೈ ಮೇಲೆ ಬರಬೇಕು. ಒಂದೊಂದು ಕಾಲಿಗೆ ಎರಡು ನಿಮಿಷ, ಬೆನ್ನಿಗೆ ಎರಡು ನಿಮಿಷ. ಮಗುವಿನ ಅಂಗೈಗೆ ಎಣ್ಣೆ ಬೇಡ, ಅದು ಬಾಯಿಗೆ, ಕಣ್ಣಿಗೆ ಹೋಗುತ್ತದೆ. ಮೂಗು, ಕಿವಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ನೆಲದ ಮೇಲೆ ಚಾಪೆ ಹಾಸಿ ಮಾಡಿ, ಮಂಚದ ಮೇಲಲ್ಲ. ಎಣ್ಣೆ ಮೈಯ ಮಗು ಜಾರುತ್ತದೆ. ಅದೇ ಕಾರಣಕ್ಕೆ ರಾತ್ರಿ ಎಣ್ಣೆ ನೀರಿನ ನಂತರ ಬರಬೇಕು, ಮುಂಚೆ ಅಲ್ಲ. ಸೋಪು ಹಾಕುವುದಿಲ್ಲವಾದ್ದರಿಂದ ಮುಂಚೆ ಹಚ್ಚಿದ ಎಣ್ಣೆ ತೊಳೆದು ಹೋಗುವುದೂ ಇಲ್ಲ. ಮುಖ ತಿರುಗಿಸಿತು, ಬೆನ್ನು ಕಮಾನು ಮಾಡಿತು, ಮುಷ್ಟಿ ಬಿಗಿಯಿತು ಅಂದರೆ ಮಗು ಸಾಕು ಅನ್ನುತ್ತಿದೆ. ಎರಡೇ ನಿಮಿಷ ಆಗಿದ್ದರೂ ಅಲ್ಲಿಗೇ ನಿಲ್ಲಿಸಬೇಕು.

ಬದಲಾದ ಯೋಜನೆ ಹೀಗೆ ಕೂತಿತು. 8:30ಕ್ಕೇ ಟಿವಿ ಬಂದ್, ಮಲಗುವ ಕೋಣೆಯ ಫ್ಯಾನೂ ಬಂದ್, ಟವೆಲ್, ಡೈಪರ್, ಬಟ್ಟೆ ಚಾಪೆಯ ಪಕ್ಕದಲ್ಲಿ ರೆಡಿ. ಟಬ್ಬಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ ನೀರು. ಅವರ ಮನೆಯ ಸೋಲಾರ್ ನೀರು ಸಂಜೆ ಕೈಯಿಡಲಾರದಷ್ಟು ಸುಡುತ್ತಿತ್ತು, ಅದಕ್ಕೇ ಈ ಕ್ರಮ. ಥರ್ಮಾಮೀಟರ್ ಇದ್ದವರಿಗೆ 37–38 ಡಿಗ್ರಿ, ಇಲ್ಲದವರಿಗೆ ಮೊಣಕೈ. 8:40ರಿಂದ 8:45 ನೀರು, ಒಂದು ಕೈ ಸದಾ ಮಗುವಿನ ಮೇಲೆ. ಒರೆಸಿ, 8:47ರಿಂದ ಅಪ್ಪನ 6 ನಿಮಿಷ. 8:57ರ ಒಳಗೆ ಡೈಪರ್, ಬಟ್ಟೆ. ಆಮೇಲೆ ಮಂದ ಬೆಳಕಿನಲ್ಲಿ ಎದೆಹಾಲು, 12 ನಿಮಿಷದಷ್ಟು. ಒದ್ದೆ ಬಟ್ಟೆಯಲ್ಲಿ ವಸಡು, ಬಂದಿರುವ ಎರಡು ಹಲ್ಲು ಒರೆಸುವುದು. 9:10ಕ್ಕೆ ಅಜ್ಜಿಯ ಜೋಗುಳ, ಒಂದೇ ಹಾಡು, ದಿನವೂ ಅದೇ. 9:15ಕ್ಕೆ ದೀಪ ಆರಿಸಿ, ಮಗು ಪೂರ್ತಿ ಮಲಗುವ ಮುಂಚೆಯೇ ಹಾಸಿಗೆಗೆ. ಒಟ್ಟು 35 ನಿಮಿಷ, ನೀರು ಮುಗಿದು ದೀಪ ಆರುವವರೆಗೆ 30.

ಹಾಲನ್ನು ಕೊನೆಗೆ ಇಡದೆ ಹಾಡಿನ ಮುಂಚೆ ತಂದದ್ದು ಬೇಕೆಂದೇ. ಮಕ್ಕಳು ರಾತ್ರಿ ನಡುನಡುವೆ ಅರೆ ಎಚ್ಚರಾಗುವುದು ಸಹಜ. ಹಾಲು ಕುಡಿಯುತ್ತಾ ಜೋಲಿಯಲ್ಲಿ ತೂಗಿಸಿಕೊಂಡು ಮಲಗಿದ ಮಗು, ಎಚ್ಚರಾದಾಗ ಅದೇ ಹಾಲು, ಅದೇ ತೂಗು ಕೇಳುತ್ತದೆ. ಹಾಲಿಗೂ ನಿದ್ದೆಗೂ ನಡುವೆ ಐದು ನಿಮಿಷದ ಹಾಡು ಬಂದರೆ ಆ ಗಂಟು ಸಡಿಲವಾಗುತ್ತದೆ.

ಜೋಲಿಯನ್ನು ಬಿಡಿಸಿದ್ದಕ್ಕೆ ಬೇರೆ ಕಾರಣವೂ ಇದೆ. ಅದರಲ್ಲಿ ಮಗುವಿನ ಗದ್ದ ಎದೆಗೆ ತಾಗುವಂತೆ ಕತ್ತು ಬಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ತಾಯಿಯ ಮಂಚದ ಪಕ್ಕ ಗಟ್ಟಿ, ಸಪಾಟು ಹಾಸಿಗೆ ಮಾಡಿ ಬೆನ್ನ ಮೇಲೆ ಮಲಗಿಸಿದರು. ಸಾಸಿವೆ ದಿಂಬು, ಕೌದಿ ಎರಡನ್ನೂ ತೆಗೆಸಿದೆ. ತಾನಾಗಿಯೇ ಮಗ್ಗುಲಾದರೆ ಬಿಡಿ ಎಂದೆ.

ರಾತ್ರಿ ಸರಿಯಾಗಬೇಕಾದರೆ ಹಗಲೂ ಸ್ವಲ್ಪ ಸರಿಯಬೇಕು. ಬೆಳಿಗ್ಗೆ 7:15ಕ್ಕೆ ಎಬ್ಬಿಸಿ ಬಾಲ್ಕನಿಯ ಬೆಳಕಿಗೆ ತರುವುದು, ಭಾನುವಾರವೂ. ಎಣ್ಣೆ ನೀರು 10ಕ್ಕೆ ಬಂತು, ಆಮೇಲಿನ ನಿದ್ದೆ 10:30ರಿಂದ 12:45. ಸಂಜೆಯ ನಿದ್ದೆ 4ಕ್ಕೆ, 5:45 ಆದರೆ ಎಬ್ಬಿಸುವುದು. ಅಜ್ಜಿಗೆ ಅತಿ ಕಷ್ಟವಾದದ್ದು ಇದೇ. "ಮಲಗಿರೋ ಮಗೂನ ಎಬ್ಬಿಸಬಾರದು" ಅನ್ನುವುದು ಅವರ ನಂಬಿಕೆ. ಮೊದಲ ವಾರ ಎರಡು ಸಲ 6:30ರ ತನಕ ಬಿಟ್ಟರು. ಆ ಎರಡೂ ರಾತ್ರಿ ಮಗು 10:15ರ ತನಕ ಕಣ್ಣು ಬಿಟ್ಟುಕೊಂಡೇ ಇತ್ತು. ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಅದನ್ನು ನೋಡಿದ ಮೇಲೆ ಅವರೇ 5:45ಕ್ಕೆ ಕಿಟಕಿಯ ಪರದೆ ಸರಿಸತೊಡಗಿದರು.

ಎರಡನೇ ಯೋಜನೆಯ ಮೊದಲ ನಾಲ್ಕು ರಾತ್ರಿ ಹಾಸಿಗೆಗೆ ಹಾಕಿದ ಕೂಡಲೇ ಅಳು ಇತ್ತು. ತಾಯಿ ಪಕ್ಕದಲ್ಲೇ ಕೂತು ಎದೆಯ ಮೇಲೆ ಕೈಯಿಟ್ಟು ತಟ್ಟಿದರು, ಅಳು ಜೋರಾದರೆ ಎತ್ತಿಕೊಂಡು ಸಮಾಧಾನವಾದ ಮೇಲೆ ಮತ್ತೆ ಮಲಗಿಸಿದರು. ಅಳಲು ಬಿಟ್ಟು ಹೊರಗೆ ಹೋಗುವುದು ಈ ಮನೆಗೆ ಆಗುವ ಮಾತಲ್ಲ, ನಾನೂ ಹೇಳಲಿಲ್ಲ. ಐದನೇ ರಾತ್ರಿ 35 ನಿಮಿಷ ಹಿಡಿಯಿತು, ಹತ್ತನೇ ರಾತ್ರಿ 20. ಮೂರು ವಾರ ಕಳೆಯುವಾಗ ದೀಪ ಆರಿದ 12ರಿಂದ 20 ನಿಮಿಷಕ್ಕೆ ನಿದ್ದೆ, ರಾತ್ರಿ ಏಳುವುದು ಎರಡು ಸಲ. ಒಂದಕ್ಕೆ ತಟ್ಟಿದರೆ ಸಾಕು, ಇನ್ನೊಂದಕ್ಕೆ ಹಾಲು ಬೇಕು. 7 ತಿಂಗಳಿಗೆ ರಾತ್ರಿ ಒಂದು ಹಾಲು ಸಹಜ, ಅದನ್ನು ತಪ್ಪಿಸಲು ಹೋಗಲಿಲ್ಲ. ಮೊಣಕಾಲ ಕೆಳಗಿನ ಒಣ ಚರ್ಮವೂ ನಯವಾಯಿತು.

ಯಾವುದರಿಂದ ಎಷ್ಟು ಲಾಭವಾಯಿತು ಎಂದು ಬಿಡಿಸಿ ಹೇಳಲು ಈ ಪ್ರಕರಣದಲ್ಲಿ ಆಗುವುದಿಲ್ಲ. ಹಗಲಿನ ನಿದ್ದೆ, ರಾತ್ರಿಯ ಕ್ರಮ, ಜೋಲಿ ಬಿಡಿಸಿದ್ದು ಎಲ್ಲವೂ ಒಟ್ಟೊಟ್ಟಿಗೆ ನಡೆದವು. ಸಂಜೆ ನಿದ್ದೆ ಜಾಸ್ತಿಯಾದ ಆ ಎರಡು ರಾತ್ರಿ ನೋಡಿದರೆ, 5:45ರ ಗಡಿಗೆ ದೊಡ್ಡ ಪಾಲು ಇತ್ತು ಎಂದು ನನಗೆ ಅನ್ನಿಸುತ್ತದೆ. ಇದೇ ಗಡಿಯಾರವನ್ನು ಮೂರು ತಿಂಗಳೊಳಗಿನ ಕೂಸಿಗೆ ಹಾಕಬಾರದು. ಅಷ್ಟು ಚಿಕ್ಕ ಮಕ್ಕಳ ಮೈಗೆ ಹಗಲು ರಾತ್ರಿಯ ಲಯ ಇನ್ನೂ ಕೂತಿರುವುದಿಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ತೂಕ ಏರದಿರುವುದು ಇದ್ದರೆ ಮೊದಲು ವೈದ್ಯರು, ಆಮೇಲೆ ಇದೆಲ್ಲ.

ನಡುವೆ ಮದುವೆಗೆಂದು ಮೂರು ರಾತ್ರಿ ತಿಪಟೂರಿನ ಕಡೆ ಹಳ್ಳಿಯಲ್ಲಿದ್ದರು. ಅಲ್ಲಿ ಟಬ್ಬಿಲ್ಲ, ಕೋಣೆ ತುಂಬ ಜನ. ಅದಕ್ಕೆ ಮೊದಲೇ ಒಂದು ಚಿಕ್ಕ ಕ್ರಮ ಮಾಡಿಕೊಟ್ಟಿದ್ದೆ: ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಮುಖ ಕಾಲು ಒರೆಸುವುದು, ಪಾದಕ್ಕೆ ಎರಡು ನಿಮಿಷ ಎಣ್ಣೆ, ಹಾಲು, ಅದೇ ಹಾಡು. ಜ್ವರ ಬಂದಾಗಲೂ ಇದೇ. ಹೆಜ್ಜೆಗಳು ಚಿಕ್ಕದಾಗಲಿ, ಒಂದರ ಹಿಂದೆ ಒಂದು ಬರುವುದು ತಪ್ಪದಿರಲಿ. ಹಳ್ಳಿಯಲ್ಲಿ ಮಗು 10ಕ್ಕೆ ಮಲಗಿತು. ಮನೆಗೆ ಬಂದ ಮೇಲೆ ಹಳೇ ಹೊತ್ತಿಗೆ ಬರಲು ಎರಡು ರಾತ್ರಿ ಹಿಡಿಯಿತು.

ಕೊನೆಯ ಸಲ ತಾಯಿ ಹಾಳೆ ತಂದಾಗ ಹಿಂದಿನ ರಾತ್ರಿಯದು ಹೀಗಿತ್ತು: "8:40 ನೀರು. 9:10 ಅತ್ತೆ ಹಾಡು. 9:15 ದೀಪ. 9:28 ನಿದ್ದೆ. 3:20 ಹಾಲು." ಅದರ ಕೆಳಗೆ ಇನ್ನೊಂದು ಸಾಲು ಇತ್ತು: "ಹಾಸಿಗೆಯಲ್ಲಿ ಮಂಚ ಹಿಡಿದು ನಿಲ್ಲಲು ನೋಡ್ತಾಳೆ, ಏನು ಮಾಡೋದು?" 8 ತಿಂಗಳು ಹತ್ತಿರ ಬಂದಿತ್ತು. ಸಂಜೆ 6:30ರಿಂದ 7ರವರೆಗೆ ಚಾಪೆಯ ಮೇಲೆ, ಸ್ಟೂಲು ಹಿಡಿದು ಬೇಕಾದಷ್ಟು ಏಳಲಿ ಕೂರಲಿ ಬಿಡಿ, ರಾತ್ರಿ ನಿಂತರೆ ಮಾತಾಡದೆ ಮತ್ತೆ ಮಲಗಿಸಿ ಎಂದು ಅದೇ ಹಾಳೆಯಲ್ಲಿ ಬರೆದುಕೊಟ್ಟೆ.